ಬೆನ್ನ ಹಿಂದೆ ತೋಟ, ನೆರಳಲ್ಲಿ ಅಜ್ಜಿಯ ಮುಖ: ಮಾಸ್ಕ್ ಹಾಕಿ ಬೆಳಕು ತರುವುದು ಹೇಗೆ

ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆ. ಬೆಳಿಗ್ಗೆ ಹತ್ತೂವರೆ ಗಂಟೆ. ಜಗಲಿಯಲ್ಲಿ ಅಜ್ಜಿಯೊಬ್ಬರು ಕೂತಿದ್ದಾರೆ. ಬೆನ್ನು ಅಡಿಕೆ ತೋಟದ ಕಡೆಗೆ, ಮುಖ ಮನೆಯ ಒಳಕ್ಕೆ. ತಮ್ಮ ಮದುವೆಯ ದಿಬ್ಬಣ ದೋಣಿಯಲ್ಲಿ ಹೊಳೆ ದಾಟಿದ ಕತೆ ಹೇಳುತ್ತಿದ್ದಾರೆ. ದಿನವೂ ಕೂರುವ ಜಾಗ ಅದು. ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದ್ದರೆ ಆ ಕತೆ ಹಾಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಕ್ಯಾಮೆರಾವನ್ನು ಒಳಗೆ ಇಟ್ಟುಕೊಂಡು ಹೊರಕ್ಕೆ ತಿರುಗಿಸಿ ಶೂಟ್ ಮಾಡಿದೆ. ತೋಟದ ಬೆಳಕು ಸುಟ್ಟು ಹೋಗಬಾರದು ಅಂತ ಎಕ್ಸ್‌ಪೋಷರ್ ಕಡಿಮೆ ಇಟ್ಟೆ. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ನೆರಳಿನಲ್ಲಿ ಸ್ವಲ್ಪವಾದರೂ ಉಳಿದಿರುತ್ತದೆ.

ಎಡಿಟಿಂಗ್‌ಗೆ ಕೂತಾಗ ತೋಟ ಚೆನ್ನಾಗಿಯೇ ಬಂದಿತ್ತು. ಅಜ್ಜಿಯ ಮುಖ ಮಾತ್ರ ಕತ್ತಲು. ಕಣ್ಣು ಎಲ್ಲಿದೆ ಅಂತ ಹುಡುಕಬೇಕು. ಈ 40 ಸೆಕೆಂಡಿನ ಶಾಟ್‌ನಲ್ಲಿ ಮುಖಕ್ಕೆ ಬೆಳಕು ತಂದಿದ್ದು ಹೇಗೆ, ಮೊದಲು ಅದು ಯಾಕೆ ಕೆಟ್ಟಿತು ಅಂತ ಹೇಳುತ್ತೇನೆ. ನಾನು ಕೆಲಸ ಮಾಡಿದ್ದು ಡಾವಿಂಚಿ ರಿಸಾಲ್ವ್‌ನಲ್ಲಿ. ಬೇರೆ ಸಾಫ್ಟ್‌ವೇರ್‌ನಲ್ಲಿ ಗುಂಡಿಗಳ ಹೆಸರು ಬದಲಾಗಬಹುದು, ಒಳಗಿನ ಲೆಕ್ಕ ಇದೇ.

ಬೂದಿ ಬಳಿದ ಹಾಗೆ ಯಾಕೆ ಕಾಣುತ್ತದೆ

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬದಲಾವಣೆ ಎಲ್ಲಿ ಆಗಬೇಕು ಅಂತ ಗುರುತಿಸಲು ಮುಖದ ಸುತ್ತ ಒಂದು ಮೊಟ್ಟೆಯಾಕಾರದ ಮಾಸ್ಕ್ ಹಾಕಿದೆ. ಒಳಗೆ ನೆರಳಿನ ಭಾಗ ಎತ್ತುವ Lift, ಮಧ್ಯದ ಬೆಳಕು ಎತ್ತುವ Gamma ಎರಡನ್ನೂ ಮೇಲಕ್ಕೆ ಎಳೆದೆ. ಮುಖವೇನೋ ಕಂಡಿತು. ಆದರೆ ವಿಭೂತಿ ಬಳಿದ ಹಾಗೆ ಬೂದು ಬೂದು. ಕೆನ್ನೆಯ ಉಬ್ಬು, ಹಣೆಯ ಗೆರೆ ಎಲ್ಲ ಸಪ್ಪಟೆ. ಬಣ್ಣ ಸಾಲದು ಅನ್ನಿಸಿ ಸ್ಯಾಚುರೇಶನ್ ಏರಿಸಿದರೆ ಮುಖ ಕಿತ್ತಳೆಯಾಯಿತು. ಕಿತ್ತಳೆ ಕಡಿಮೆ ಮಾಡಲು ನೀಲಿ ಬೆರೆಸಿದರೆ ತುಟಿ ನೇರಳೆಗೆ ತಿರುಗಿತು. ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚುತ್ತಾ ಹೋದರೆ ಇದು ಮುಗಿಯುವುದೇ ಇಲ್ಲ.

ಮೂಲ ತಪ್ಪು ಎಲ್ಲಿದೆ? ಬೆಳಕು ಚರ್ಮದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ. ಬೆಳಕು ಗುಣಿಸುತ್ತದೆ, ಕೂಡುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಅಜ್ಜಿಯ ಕೆನ್ನೆಯಿಂದ ಕ್ಯಾಮೆರಾಕ್ಕೆ ಬಂದ ಬೆಳಕಿನಲ್ಲಿ ಕೆಂಪು 6, ಹಸಿರು 4, ನೀಲಿ 3 ಪಾಲು ಇದೆ ಅಂದುಕೊಳ್ಳಿ. ನಿಜವಾಗಿ ಅಲ್ಲೊಂದು ದೀಪ ತಂದು ಬೆಳಕನ್ನು ಎರಡು ಪಟ್ಟು ಮಾಡಿದ್ದರೆ ಏನಾಗುತ್ತಿತ್ತು? 12, 8, 6 ಆಗುತ್ತಿತ್ತು. ಕೆಂಪು ಆಗಲೂ ನೀಲಿಯ ಎರಡರಷ್ಟಿತ್ತು, ಈಗಲೂ ಅಷ್ಟೇ. ಚರ್ಮದ ಬಣ್ಣ ಅಂದರೆ ಈ ಪಾಲು. ಪಾಲು ಉಳಿದರೆ ಬಣ್ಣವೂ ಉಳಿಯಿತು.

ಈಗ ಗುಣಿಸುವ ಬದಲು ಮೂರಕ್ಕೂ 6 ಕೂಡಿಸಿ. 12, 10, 9 ಆಯಿತು. ಕೆಂಪು ಮೊದಲಿನಷ್ಟೇ ಏರಿದೆ, ಆದರೆ ನೀಲಿಯ ಎರಡರಷ್ಟು ಇದ್ದದ್ದು ಈಗ ಒಂದೂ ಕಾಲಿನ ಚಿಲ್ಲರೆಯಷ್ಟಕ್ಕೆ ಬಂತು. ಮೂರೂ ಬಣ್ಣ ಹತ್ತಿರ ಹತ್ತಿರ ಬಂದರೆ ಕಣ್ಣಿಗೆ ಕಾಣುವುದು ಬೂದು. ಚಳಿಗಾಲದ ಬೆಳಿಗ್ಗೆ ಮಂಜಿನಲ್ಲಿ ನಿಂತವರ ಮುಖ ಹಾಗೇ ಕಾಣುತ್ತದೆ, ಅಲ್ವಾ? ಮಂಜು ಮಾಡುವುದೂ ಇದೇ ಕೆಲಸ. ಎಲ್ಲದರ ಮೇಲೂ ಒಂದೇ ಅಳತೆಯ ಬೆಳಕನ್ನು ಕೂಡಿಸುತ್ತದೆ.

Lift ಮತ್ತು Offset ಹೆಚ್ಚು ಕಡಿಮೆ ಹೀಗೆ ಕೂಡುವ ಗುಂಡಿಗಳು. Gamma ಪೂರ್ತಿ ಹಾಗಲ್ಲ. ಆದರೆ ನೆರಳಿನ ಭಾಗವನ್ನು ಮೇಲಿನ ಭಾಗಕ್ಕಿಂತ ಜಾಸ್ತಿ ಎತ್ತುವುದರಿಂದ ಅದೂ ಪಾಲುಗಳನ್ನು ಹತ್ತಿರ ತರುತ್ತದೆ. ಗುಣಿಸುವುದು Gain. ಅದೂ ಲೀನಿಯರ್ ಬೆಳಕಿನಲ್ಲಿ, ಅಂದರೆ ಬೆಳಕು ಎರಡರಷ್ಟಾದರೆ ಅಂಕಿಯೂ ಎರಡರಷ್ಟಾಗುವ ಲೆಕ್ಕದಲ್ಲಿ, ಗುಣಿಸಿದರೆ ಮಾತ್ರ ನಿಜವಾದ ದೀಪದ ಹಾಗೆ ನಡೆದುಕೊಳ್ಳುತ್ತದೆ.

ರಿಸಾಲ್ವ್‌ನಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಒಂದೊಂದು ಬದಲಾವಣೆಯನ್ನು ಹಿಡಿದಿಡುವ ಡಬ್ಬಿಯಾದ ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿ Gamma ಪಟ್ಟಿಯಲ್ಲಿ Linear ಆರಿಸಿ. ಆ ಒಂದು ನೋಡ್‌ನ ಒಳಗೆ ಮಾತ್ರ ಲೆಕ್ಕ ಲೀನಿಯರ್ ಆಗಿ ನಡೆಯುತ್ತದೆ, ಹೊರಗೆ ಎಲ್ಲ ಮೊದಲಿನಂತೆ. ಈಗ Gain ಅನ್ನು 2.00 ಮಾಡಿದರೆ ಸರಿಯಾಗಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳಕು ಏರುತ್ತದೆ. 1.41 ಅಂದರೆ ಅರ್ಧ ಸ್ಟಾಪ್. ಲೆನ್ಸ್‌ನ ಅಪರ್ಚರ್ ತೆರೆದ ಹಾಗೆಯೇ. ಒಂದು ಷರತ್ತು: ಪ್ರಾಜೆಕ್ಟ್‌ನ ಕಲರ್ ಮ್ಯಾನೇಜ್‌ಮೆಂಟ್ ಸೆಟ್ಟಿಂಗ್ ಸರಿ ಇರಬೇಕು. ಟೈಮ್‌ಲೈನ್ ಯಾವ ಕಲರ್ ಸ್ಪೇಸ್‌ನಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ತಪ್ಪು ಹೇಳಿದ್ದರೆ ಈ ಲೆಕ್ಕವೂ ತಪ್ಪುತ್ತದೆ.

ಎಷ್ಟು ಎತ್ತಬೇಕು

ಕಣ್ಣಳತೆಯಲ್ಲಿ ಎತ್ತಿದರೆ ಯಾವಾಗಲೂ ಜಾಸ್ತಿಯಾಗುತ್ತದೆ. ಕತ್ತಲ ಮುಖ ನೋಡಿ ನೋಡಿ ಕಣ್ಣಿಗೆ ಬೆಳಕಿನ ಹಸಿವು ಹತ್ತಿರುತ್ತದೆ. ಹಾಗಾಗಿ ಮೊದಲು ಚಿತ್ರದ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಗ್ರಾಫ್ ನೋಡುವುದು ಒಳ್ಳೆಯದು. ಅದರಲ್ಲಿ ಕೆಳಗೆ 0, ಮೇಲೆ 1023.

ಈ ಶಾಟ್‌ನಲ್ಲಿ ಅಜ್ಜಿಯ ಕೆನ್ನೆ ಸುಮಾರು 260ರಲ್ಲಿತ್ತು. ತೋಟದ ಎಲೆಗಳ ಮೇಲಿನ ಬೆಳಕು 850ರ ಹತ್ತಿರ. ಅಡಿಕೆ ಮರಗಳ ಸಂದಿಯಲ್ಲಿ ಕಾಣುವ ಆಕಾಶ ಪೂರ್ತಿ ಮೇಲಕ್ಕೆ ಬಡಿದಿತ್ತು.

ಕೆನ್ನೆಯನ್ನು ಎಲ್ಲಿಗೆ ತರಬೇಕು? ಚರ್ಮ 70 ಪರ್ಸೆಂಟ್‌ನಲ್ಲಿ, ಅಂದರೆ 700ರ ಹತ್ತಿರ ಇರಬೇಕು ಅನ್ನುವ ಮಾತನ್ನು ತುಂಬಾ ಕಡೆ ಕೇಳುತ್ತೇವೆ. ಅದು ಬಿಳಿ ಚರ್ಮಕ್ಕೆ, ಮುಂದಿನಿಂದ ಬೆಳಕು ಬಿದ್ದ ಮುಖಕ್ಕೆ ಹೇಳಿದ ಮಾತು. ಫಿಲ್ಮ್ ಕಾಲದಲ್ಲಿ ಕೊಡ್ಯಾಕ್ ಕಂಪನಿ ಫೋಟೋ ಲ್ಯಾಬ್‌ಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡ್‌ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖವೇ. ಅದನ್ನು ಅಳತೆಗೋಲು ಮಾಡಿಕೊಂಡು ಪ್ರಿಂಟ್ ಸರಿಮಾಡುತ್ತಿದ್ದರು. ಆ ಅಭ್ಯಾಸದ ನೆರಳು ಇವತ್ತಿನ ಪಾಠಗಳಲ್ಲೂ ಉಳಿದಿದೆ. ನಮ್ಮ ಅಜ್ಜಿಯದು ಎಣ್ಣೆಗಪ್ಪು ಬಣ್ಣ. ಅವರ ಕೆನ್ನೆಯನ್ನು 700ಕ್ಕೆ ಎತ್ತಿದರೆ ಅದು ಅವರ ಮುಖವೇ ಅಲ್ಲ. ಇದನ್ನು ನಾನು ಬರೀ ತಾಂತ್ರಿಕ ತಪ್ಪು ಅಂತ ನೋಡುವುದಿಲ್ಲ. ಮನೆಯವರು ನೋಡಿ "ಇದು ನಮ್ಮಜ್ಜಿ ಅಲ್ಲ" ಅನ್ನುವ ಹಾಗಾಗಬಾರದು.

ಬೆನ್ನ ಹಿಂದೆ ಬೆಳಕಿದ್ದರೆ ಮುಖ ಸ್ವಲ್ಪ ನೆರಳಲ್ಲಿ ಇರುವುದೇ ಸಹಜ. ನೋಡುವವರಿಗೆ ತೋಟ ಕಾಣುತ್ತಿದೆ, ಬಿಸಿಲು ಕಾಣುತ್ತಿದೆ. ಅದರ ಮುಂದೆ ಮುಖ ತೋಟದಷ್ಟೇ ಬೆಳಗಿದರೆ ಕಟ್ ಮಾಡಿ ಅಂಟಿಸಿದ ಹಾಗಿರುತ್ತದೆ. ನಾನು ಕೆನ್ನೆಗೆ 400ರ ಗುರಿ ಇಟ್ಟೆ. ವೇವ್‌ಫಾರ್ಮ್‌ನ ಅಂಕಿಗಳು ಲೀನಿಯರ್ ಅಲ್ಲ, ಹಾಗಾಗಿ 260ರಿಂದ 400ಕ್ಕೆ ಬರಲು ಸುಮಾರು ಒಂದೂವರೆ ಸ್ಟಾಪ್ ಬೇಕು. ಕೆನ್ನೆಯ ಮೂಳೆಯ ಮೇಲಿನ ಎಣ್ಣೆಯ ಹೊಳಪು 550ರವರೆಗೆ ಹೋದರೂ ಸರಿ. ಕಪ್ಪು ಚರ್ಮದಲ್ಲಿ ಮುಖದ ಆಕಾರ ಗೊತ್ತಾಗುವುದೇ ಈ ಹೊಳಪಿನಿಂದ. ಅದನ್ನು ಒರೆಸಿ ಹಾಕಬಾರದು.

ಇನ್ನೊಂದು ಕಡೆಯಿಂದಲೂ ಕೆಲಸ ಮಾಡಬಹುದು. ಮುಖ ಕತ್ತಲು ಅನ್ನಿಸುವುದು ಹಿನ್ನೆಲೆ ಅಷ್ಟೊಂದು ಬೆಳಕಾಗಿರುವುದರಿಂದ. ತೋಟವನ್ನು 850ರಿಂದ 750ರ ಹತ್ತಿರಕ್ಕೆ ಇಳಿಸಿದರೆ ಮುಖವನ್ನು ಮುಟ್ಟದೆಯೇ ಅದು ಬೆಳಗಿದ ಹಾಗೆ ಕಾಣುತ್ತದೆ. ಆದರೆ ಇಲ್ಲಿ Gain ಇಳಿಸಬೇಡಿ. ಮೊದಲೇ ಸುಟ್ಟು ಬೆಳ್ಳಗಾದ ಆಕಾಶದ ಸಂದಿ ಸುಣ್ಣ ಬಳಿದ ಗೋಡೆಯ ಹಾಗೆ ಬೂದು ಚಪ್ಪಟೆಯಾಗುತ್ತದೆ. ಇಲ್ಲಿ Gamma ಸ್ವಲ್ಪ ಇಳಿಸಿದರೆ ಸಾಕು. ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಎಲೆಗಳು ಮಾತ್ರ ಗಾಢವಾಗುತ್ತವೆ.

ಮಾಸ್ಕ್: ಮುಖಕ್ಕಲ್ಲ, ಬೆಳಕಿಗೆ

ಮೊಟ್ಟೆಯಾಕಾರದ ಮಾಸ್ಕ್ ಯಾಕೆ ಸೋಲುತ್ತದೆ ಅಂದರೆ, ಯಾವ ಬೆಳಕೂ ಮುಖದ ಅಂಚಿಗೆ ಬಂದು ನಿಲ್ಲುವುದಿಲ್ಲ. ಮುಖಕ್ಕೆ ಬಿದ್ದ ಬೆಳಕು ಕತ್ತಿಗೂ ಬೀಳುತ್ತದೆ, ಸೆರಗಿಗೂ ಬೀಳುತ್ತದೆ, ಮಡಿಲಲ್ಲಿರುವ ಕೈಗೂ ಸ್ವಲ್ಪ ಬೀಳುತ್ತದೆ. ಬರೀ ಮುಖ ಬೆಳಗಿ ಕತ್ತು ಕತ್ತಲಲ್ಲಿದ್ದರೆ ಯಾರೋ ಟಾರ್ಚ್ ಬಿಟ್ಟ ಹಾಗೆ. ಅದಕ್ಕೇ ಮಾಸ್ಕ್ ಬರೆಯುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಈ ಬೆಳಕು ಎಲ್ಲಿಂದ ಬಂದಿರಬಹುದು?

ಶಾಟ್‌ನಲ್ಲೇ ಉತ್ತರ ಇತ್ತು. ಕ್ಯಾಮೆರಾದ ಎಡಗಡೆ ಸುಣ್ಣದ ಗೋಡೆ ಇದೆ. ಹೊರಗಿನ ಬೆಳಕು ಅದಕ್ಕೆ ಬಡಿದು ಅಜ್ಜಿಯ ಒಂದು ಕೆನ್ನೆಗೆ ತುಸು ಬರುತ್ತಿತ್ತು. ಎಷ್ಟೋ ಕಡಿಮೆ, ಆದರೆ ಇತ್ತು. ಆ ಇದ್ದ ಬೆಳಕನ್ನೇ ದೊಡ್ಡದು ಮಾಡಿದರೆ ನೋಡುವವರ ಕಣ್ಣು ಒಪ್ಪುತ್ತದೆ. ಬಲಗಡೆಯಿಂದ ಹೊಸ ಬೆಳಕು ತಂದಿದ್ದರೆ ಮೂಗಿನ ನೆರಳು ಒಂದು ಕಡೆ, ಬೆಳಕು ಇನ್ನೊಂದು ಕಡೆ ಆಗುತ್ತಿತ್ತು.

ಹಾಗಾಗಿ ಒಂದೂವರೆ ಸ್ಟಾಪ್ ಅನ್ನು ಎರಡು ಪಾಲು ಮಾಡಿದೆ. ಮೊದಲ ನೋಡ್‌ನಲ್ಲಿ ದೊಡ್ಡ ಮಾಸ್ಕ್. ತಲೆಯಿಂದ ಮಡಿಲವರೆಗೆ, ಅಂಚು ತುಂಬಾ ಮೆತ್ತಗೆ, ಕೆಳಕ್ಕೆ ಹೋದಂತೆ ಕರಗಿ ಹೋಗುವ ಹಾಗೆ. ಅಲ್ಲಿ ಲೀನಿಯರ್ Gain 2.00, ಒಂದು ಸ್ಟಾಪ್. ಎರಡನೇ ನೋಡ್‌ನಲ್ಲಿ ಗೋಡೆಯ ಕಡೆಯ ಅರ್ಧ ಮುಖಕ್ಕೆ ಮಾತ್ರ ಒಂದು ಮಾಸ್ಕ್, ಮೂಗಿನ ಗೆರೆ ದಾಟುವಷ್ಟರಲ್ಲಿ ಕರಗುವಂತೆ. ಅಲ್ಲಿ Gain 1.41. ಈಗ ಒಂದು ಕೆನ್ನೆ 400, ಇನ್ನೊಂದು 350ರ ಆಸುಪಾಸು. ಮುಖಕ್ಕೆ ಮತ್ತೆ ಉಬ್ಬು ತಗ್ಗು ಬಂತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಚರ್ಮವನ್ನು ಸಹಜವಾಗಿ ಉಳಿಸಿದ್ದು ಈ ಎರಡನೇ ಮಾಸ್ಕೇ. ಬಣ್ಣ ಸರಿಯಿದ್ದರೂ ಎರಡೂ ಕೆನ್ನೆ ಒಂದೇ ಸಮ ಬೆಳಗಿದರೆ ಮುಖ ಪಾಸ್‌ಪೋರ್ಟ್ ಫೋಟೋ ಆಗುತ್ತದೆ.

ದೊಡ್ಡ ಮೆತ್ತನೆ ಮಾಸ್ಕ್‌ಗೆ ಒಂದು ತೊಂದರೆಯೂ ಇದೆ. ಅದು ತಲೆಯ ಸುತ್ತಲಿನ ತೋಟದ ಮೇಲೂ ಚೆಲ್ಲುತ್ತದೆ. ಅಜ್ಜಿಯ ಬಿಳಿ ಕೂದಲಿನ ಅಂಚಿನಲ್ಲಿ ಬಿಸಿಲಿನ ಒಂದು ಬೆಳ್ಳಿ ಗೆರೆ ಇತ್ತು. ಒಂದು ಸ್ಟಾಪ್ ಎತ್ತಿದ ಕೂಡಲೇ ಅದು ಸುಟ್ಟು ಹೋಯಿತು. ತಲೆಯ ಸುತ್ತ ದೇವರ ಪಟದ ಪ್ರಭಾವಳಿ ಥರ ಒಂದು ಬೆಳಕಿನ ಬಳೆ ಬಂತು.

ಇದಕ್ಕೆ ಮಾಸ್ಕ್‌ನ ಅಂಚನ್ನು ಕೂದಲಿನ ಉದ್ದಕ್ಕೂ ಬರೆಯಲು ಹೋಗಬೇಡಿ. ಅದು 40 ಸೆಕೆಂಡು ನಿಲ್ಲುವುದಿಲ್ಲ. ಅದೇ ನೋಡ್‌ನಲ್ಲಿ, ಬಣ್ಣ ಅಥವಾ ಬೆಳಕನ್ನು ನೋಡಿ ಭಾಗಗಳನ್ನು ಆರಿಸುವ Qualifier ತೆರೆಯಿರಿ. Hue ಮತ್ತು Saturation ಆಫ್ ಮಾಡಿ, Luminance ಮಾತ್ರ ಉಳಿಸಿ. ಕತ್ತಲೆ ಮತ್ತು ಮಧ್ಯದ ಬೆಳಕು ಆಯ್ಕೆಯಲ್ಲಿರಲಿ, ಈಗಾಗಲೇ ಬೆಳಗಿರುವ ಭಾಗ ಹೊರಗಿರಲಿ. ಮಾಸ್ಕ್ ಮತ್ತು ಕ್ವಾಲಿಫೈಯರ್ ಒಂದೇ ನೋಡ್‌ನಲ್ಲಿದ್ದರೆ ಎರಡೂ ಒಪ್ಪಿದ ಜಾಗದಲ್ಲಿ ಮಾತ್ರ ಬದಲಾವಣೆ ಆಗುತ್ತದೆ. ಅಂದರೆ ಮಾಸ್ಕ್ ಒಳಗಿದ್ದು, ಕತ್ತಲಾಗಿಯೂ ಇರುವ ಭಾಗ ಮಾತ್ರ ಏರುತ್ತದೆ. ತೋಟ ತಾನಾಗಿಯೇ ಹೊರಗುಳಿಯುತ್ತದೆ. ಕೂದಲಿನ ಗೆರೆ ಉಳಿಯುತ್ತದೆ.

ಮೇಲಿನ ಕಡೆಯ ಸಾಫ್ಟ್‌ನೆಸ್ ಸ್ವಲ್ಪ ಧಾರಾಳವಾಗಿ ಕೊಡಿ. ಇಲ್ಲದಿದ್ದರೆ ಕೆನ್ನೆಯ ಹೊಳಪು ಏರದೆ ಅಲ್ಲೇ ನಿಂತು, ಸುತ್ತಲಿನ ಚರ್ಮ ಮಾತ್ರ ಏರಿ, ಹೊಳಪು ಮಣ್ಣು ಮೆತ್ತಿದ ಹಾಗೆ ಕಾಣುತ್ತದೆ. Shift+H ಒತ್ತಿ ಆಯ್ಕೆಯನ್ನು ಒಂದ್ಸಲ ನೋಡಿ. ಕೆನ್ನೆಯ ನಡುವೆ ತೂತುಗಳು ಕಂಡರೆ ಇದೇ ಆಗುತ್ತಿದೆ ಅಂತ ಅರ್ಥ.

ಅಜ್ಜಿ ತಲೆ ತಿರುಗಿಸಿದಾಗ

ಒಂದು ಫ್ರೇಮ್‌ನಲ್ಲಿ ಚೆನ್ನಾಗಿ ಕಂಡದ್ದು ಪ್ಲೇ ಮಾಡಿದಾಗ ಕೆಡುವುದು ಟ್ರ್ಯಾಕಿಂಗ್‌ನಲ್ಲಿ, ಅಂದರೆ ಮಾಸ್ಕ್ ಮುಖದ ಜೊತೆಗೇ ಸಾಗುವಂತೆ ಮಾಡುವುದರಲ್ಲಿ. ನನ್ನ ದೊಡ್ಡ ಮಾಸ್ಕ್ ಅನ್ನೇ ಟ್ರ್ಯಾಕ್ ಮಾಡಲು ಹೋದೆ. ಅದು ಮುಖವನ್ನು ಬಿಟ್ಟು ಗಾಳಿಗೆ ಆಡುವ ಅಡಿಕೆ ಸೋಗೆಯನ್ನು ಹಿಡಿದುಕೊಂಡಿತು. ಟ್ರ್ಯಾಕರ್‌ಗೆ ಬೇಕಾದದ್ದು ಸ್ಪಷ್ಟ ಅಂಚುಗಳು. ಕತ್ತಲ ಮುಖಕ್ಕಿಂತ ಬೆಳಕಿನ ಎಲೆಗಳಲ್ಲೇ ಅವು ಜಾಸ್ತಿ.

ಸರಿಯಾದ ದಾರಿ ಹೀಗೆ. ಕಣ್ಣು, ಮೂಗು, ಹಣೆಯ ಕುಂಕುಮ ಇಷ್ಟೇ ಒಳಗೆ ಬರುವ ಒಂದು ಸಣ್ಣ ಮಾಸ್ಕ್ ಹಾಕಿ. ಟ್ರ್ಯಾಕರ್‌ನಲ್ಲಿ Perspective 3D ಆಫ್ ಮಾಡಿ. ಅದು ಆನ್ ಇದ್ದರೆ ತಲೆ ತಿರುಗಿದಾಗ ಮಾಸ್ಕ್ ರೊಟ್ಟಿಯ ಹಾಗೆ ಮಡಚಿಕೊಳ್ಳುತ್ತದೆ. ಈ ಸಣ್ಣ ಮಾಸ್ಕ್ ಅನ್ನು ಟ್ರ್ಯಾಕ್ ಮಾಡಿ. ಆಮೇಲೆ ಟ್ರ್ಯಾಕರ್ ಮೆನುವಿನಲ್ಲಿ Copy Track Data ಕೊಟ್ಟು, ದೊಡ್ಡ ಮಾಸ್ಕ್ ಇರುವ ನೋಡ್‌ಗೆ ಹೋಗಿ Paste Track Data ಕೊಡಿ. ದೊಡ್ಡದು ಸಣ್ಣದರ ಚಲನೆಯನ್ನೇ ಅನುಸರಿಸುತ್ತದೆ.

22ನೇ ಸೆಕೆಂಡಿನಲ್ಲಿ ಅಜ್ಜಿ ನಗುತ್ತಾ ಕೈಯನ್ನು ಬಾಯಿಗೆ ಅಡ್ಡ ತಂದರು. ಟ್ರ್ಯಾಕರ್ ಕೈಯನ್ನು ಹಿಡಿದು ಕೆಳಕ್ಕೆ ಜಾರಿತು. ಅಲ್ಲಿ ಟ್ರ್ಯಾಕರ್ ಅನ್ನು Clip ಬದಲು Frame ಗೆ ಹಾಕಿ, ಕೈ ಬರುವ ಮುನ್ನ ಒಂದು ಮತ್ತು ಹೋದ ಮೇಲೆ ಒಂದು ಕೀಫ್ರೇಮ್ ಇಟ್ಟು, ನಡುವಿನ ಜಾರಿದ ಭಾಗವನ್ನು ಅಳಿಸಿದೆ. ಮಾಸ್ಕ್ ಆ ಒಂದು ಸೆಕೆಂಡು ನೇರ ಸಾಗಿತು. ಅಡ್ಡ ಬಂದ ಕೈಗೂ ಬೆಳಕು ಬಿತ್ತು. ಅದು ಸರಿಯೇ, ನಿಜವಾದ ಬೆಳಕಿದ್ದರೂ ಬೀಳುತ್ತಿತ್ತು. ಮಾಸ್ಕ್ ಅನ್ನು ಮುಖಕ್ಕೆ ಅಂಟಿಸಿ ಬರೆದಿದ್ದರೆ ಇಲ್ಲಿ ಕೈ ಅರ್ಧ ಬೆಳಕು, ಅರ್ಧ ಕತ್ತಲಾಗಿ ಗುಟ್ಟು ರಟ್ಟಾಗುತ್ತಿತ್ತು.

ಮಾಸ್ಕ್ ಸೋರುತ್ತಿದೆಯೇ ಅಂತ ಕಂಡುಹಿಡಿಯಲು ಮುಖ ನೋಡಬೇಡಿ. ಮುಖದ ಪಕ್ಕದ ಹಿನ್ನೆಲೆ ನೋಡಿ. ಅಲ್ಲೊಂದು ಮರದ ಕಂಬ ಇತ್ತು. ಅಜ್ಜಿ ತಲೆ ಅಲ್ಲಾಡಿಸಿದಾಗಲೆಲ್ಲ ಕಂಬ ಸ್ವಲ್ಪ ಬೆಳಗಿ ಆರುತ್ತಿತ್ತು. ಕಂಬ ಕತ್ತಲಾಗಿದ್ದರಿಂದ ಬೆಳಕಿನ ಕ್ವಾಲಿಫೈಯರ್ ಅದನ್ನು ತಡೆದಿರಲಿಲ್ಲ. ಕಂಬದ ಮೇಲೆ ಇನ್ನೊಂದು ಮಾಸ್ಕ್ ಹಾಕಿ ಆ ಭಾಗವನ್ನು ಕಳೆದೆ. ಕಂಬ ಅಲ್ಲಾಡುವುದಿಲ್ಲ, ಹಾಗಾಗಿ ಆ ಮಾಸ್ಕ್‌ಗೆ ಟ್ರ್ಯಾಕಿಂಗೂ ಬೇಕಿಲ್ಲ. ಅಂಚು ಮಾತ್ರ ಮೆತ್ತಗಿರಲಿ, ತಲೆ ಅದರ ಹತ್ತಿರ ಬಂದಾಗ ಗೆರೆ ಕಾಣಬಾರದು.

ಈಗ ಬಣ್ಣ

ಬೆಳಕು ಸರಿಯಾದ ಮೇಲೆಯೇ ಬಣ್ಣಕ್ಕೆ ಕೈ ಹಾಕುವುದು. ಕತ್ತಲಲ್ಲಿ ಕಾಣದ ಬಣ್ಣಗಳು ಎತ್ತಿದ ಮೇಲೆ ಎದ್ದು ಬರುತ್ತವೆ. ಈ ಮನೆಯ ಜಗಲಿ ಕೆಂಪು ಗಾರೆಯ ನೆಲ. ಹೊರಗಿನ ಬೆಳಕು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಅಜ್ಜಿಯ ಗದ್ದದ ಕೆಳಗೆ ಕೆಂಪಾಗಿ ಬಿದ್ದಿತ್ತು. ಕೆನ್ನೆಯ ಹೊರ ಅಂಚಿಗೆ ತೋಟದ ಹಸಿರು. ಕತ್ತಲಲ್ಲಿ ಎರಡೂ ಗೊತ್ತಾಗಿರಲಿಲ್ಲ. ಬೆಳಕನ್ನು ಗುಣಿಸಿದಾಗ ಅವೂ ಗುಣಿಸಿದವು. ಇದು ನಮ್ಮ ತಪ್ಪಲ್ಲ, ಅಲ್ಲಿ ನಿಜವಾಗಿ ಇದ್ದ ಬಣ್ಣಗಳೇ. ಆದರೆ ಅಲ್ಲಿ ಕೂತು ನೋಡಿದವರ ಕಣ್ಣು ಅವನ್ನು ಅಷ್ಟು ಗಮನಿಸಿರುವುದಿಲ್ಲ, ತೆರೆಯ ಮೇಲೆ ಗಮನಿಸುತ್ತದೆ.

ಇದಕ್ಕೆ ಮೂರನೇ ನೋಡ್. ಇಲ್ಲಿ ಕ್ವಾಲಿಫೈಯರ್‌ನಲ್ಲಿ ಕೆನ್ನೆಯ ಬಣ್ಣವನ್ನು ಆರಿಸಿದೆ. ಬೆಳಕು ಏರಿಸಿದ ಮೇಲೆ ಆರಿಸಿದರೆ ಚರ್ಮ ಬೇರೆ ಬಣ್ಣಗಳಿಂದ ಚೆನ್ನಾಗಿ ಬೇರೆಯಾಗುತ್ತದೆ. ಕತ್ತಲಲ್ಲೇ ಆರಿಸಿದರೆ ಆಯ್ಕೆಯ ತುಂಬಾ ನಾಯ್ಸ್ ಕುಣಿಯುತ್ತದೆ. ಆದರೂ ಕಂಬ ಇಲ್ಲೂ ಸಿಕ್ಕಿಬಿತ್ತು. ಮರದ ಬಣ್ಣವೂ ಚರ್ಮದ ಬಣ್ಣವೂ ಬಣ್ಣದ ಚಕ್ರದಲ್ಲಿ ಅಕ್ಕಪಕ್ಕದ ಮನೆಯವು. ಮಣ್ಣು, ಹೆಂಚು, ಹಿತ್ತಾಳೆ ತಂಬಿಗೆ ಎಲ್ಲ ಇದೇ ಓಣಿಯವು. ಹಾಗಾಗಿ ಚರ್ಮದ ಆಯ್ಕೆಯನ್ನು ಬರೀ ಬಣ್ಣದ ಮೇಲೆ ಬಿಡಬಾರದು. ಮುಖ, ಕತ್ತು, ಕೈ ಒಳಗೊಳ್ಳುವ ಒಂದು ಮಾಸ್ಕ್ ಜೊತೆಗೆ ಇರಲೇಬೇಕು.

ಬಣ್ಣ ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಚಿತ್ರದ ಬಣ್ಣಗಳನ್ನು ಚಕ್ರದ ಮೇಲೆ ತೋರಿಸುವ ವೆಕ್ಟರ್‌ಸ್ಕೋಪ್ ನೋಡಿ. ಅದರ ಸೆಟ್ಟಿಂಗ್‌ನಲ್ಲಿ ಸ್ಕಿನ್ ಟೋನ್ ಗೆರೆ ಆನ್ ಮಾಡಿದರೆ ಕೆಂಪು ಮತ್ತು ಹಳದಿಯ ನಡುವೆ ಒಂದು ಗೆರೆ ಬರುತ್ತದೆ. ಬಿಳಿ, ಗೋಧಿ, ಎಣ್ಣೆಗಪ್ಪು, ಯಾವ ಚರ್ಮವಾದರೂ ಹೆಚ್ಚು ಕಡಿಮೆ ಈ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಚರ್ಮದ ಒಳಗಿನ ರಕ್ತ ಮತ್ತು ಮೆಲನಿನ್ ಎಲ್ಲರಲ್ಲೂ ಒಂದೇ ಆದ್ದರಿಂದ. ಬದಲಾಗುವುದು ಮುಖ್ಯವಾಗಿ ಎಷ್ಟು ಗಾಢ ಅನ್ನುವುದು. ಇಡೀ ಚಿತ್ರ ಸ್ಕೋಪ್‌ನಲ್ಲಿದ್ದರೆ ತೋಟದ ಹಸಿರಲ್ಲಿ ಚರ್ಮ ಕಳೆದುಹೋಗುತ್ತದೆ. ಅದಕ್ಕೆ ಕೊನೆಯಲ್ಲಿ ಒಂದು ತಾತ್ಕಾಲಿಕ ನೋಡ್ ಹಾಕಿ, ಕೆನ್ನೆ ಬಿಟ್ಟು ಉಳಿದೆಲ್ಲವನ್ನೂ ಮಾಸ್ಕ್‌ನಿಂದ ಕಪ್ಪು ಮಾಡಿ. ಆಗ ಸ್ಕೋಪ್‌ನಲ್ಲಿ ಕೆನ್ನೆ ಒಂದೇ ಉಳಿಯುತ್ತದೆ. ನೋಡಿದ ಮೇಲೆ ಆ ನೋಡ್ ತೆಗೆಯಲು ಮರೆಯಬೇಡಿ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಚರ್ಮದ ಗುರುತು ಗೆರೆಯ ಮೇಲೆ ಕೂರಲಿ ಅಂತ ಎಲ್ಲ ಬಣ್ಣವನ್ನೂ ಹಿಂಡಿ ಒಂದೇ ಗೆರೆಗೆ ತರುತ್ತಾರೆ. ಹಾಗೆ ಮಾಡಿದರೆ ಮುಖ ಪ್ಲಾಸ್ಟಿಕ್ ಗೊಂಬೆಯಾಗುತ್ತದೆ. ನಿಜವಾದ ಮುಖದಲ್ಲಿ ಒಂದೇ ಬಣ್ಣ ಇರುವುದಿಲ್ಲ. ಮೂಗಿನ ತುದಿ, ಕಿವಿ ಸ್ವಲ್ಪ ಕೆಂಪು. ಹಣೆ ಸ್ವಲ್ಪ ಹಳದಿ. ಕಣ್ಣಿನ ಸುತ್ತ ತುಸು ನೀಲಿ ಬೆರೆತ ಕಂದು. ಎಲೆ ಅಡಿಕೆ ಹಾಕುವ ಅಜ್ಜಿಯ ತುಟಿ ಇನ್ನೊಂದೇ ಕೆಂಪು. ವೆಕ್ಟರ್‌ಸ್ಕೋಪ್‌ನಲ್ಲಿ ಇದೆಲ್ಲ ಸೇರಿ ಒಂದು ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತದೆ. ಆ ಬೀಸಣಿಗೆಯ ನಡುಭಾಗ ಗೆರೆಯ ಹತ್ತಿರ ಬಂದರೆ ಸಾಕು. ಬೀಸಣಿಗೆ ತೆರೆದೇ ಇರಲಿ.

ಅಜ್ಜಿಯ ಕೆನ್ನೆ ಗೆರೆಗಿಂತ ತುಸು ಹಸಿರಿನ ಕಡೆ ವಾಲಿತ್ತು. Hue Vs Hue ಕರ್ವ್‌ನಲ್ಲಿ ಒಂದು ಕೂದಲೆಳೆಯಷ್ಟು ಕೆಂಪಿನ ಕಡೆ ತಿರುಗಿಸಿದೆ. ಸ್ಯಾಚುರೇಶನ್ ಅನ್ನು 50ರಿಂದ 46ಕ್ಕೆ ಇಳಿಸಿದೆ. ಬೆಳಕು ಗುಣಿಸಿದಾಗ ಪಾಲು ಬದಲಾಗದಿದ್ದರೂ ಬಣ್ಣ ಮೊದಲಿಗಿಂತ ಗಾಢ ಅನ್ನಿಸುತ್ತದೆ. ಬೆಳಕು ಜಾಸ್ತಿಯಾದರೆ ಕಣ್ಣಿಗೆ ಬಣ್ಣವೂ ಜಾಸ್ತಿ ಕಾಣುತ್ತದೆ, ಅದಕ್ಕೇ ಈ ಇಳಿಕೆ. ಗದ್ದದ ಕೆಳಗಿನ ಕೆಂಪಿಗೆ ಬೇರೆಯದೇ ಒಂದು ಸಣ್ಣ ಮಾಸ್ಕ್ ಹಾಕಿ ಸ್ಯಾಚುರೇಶನ್ 40ಕ್ಕೆ ತಂದೆ. ಪೂರ್ತಿ ತೆಗೆಯಲಿಲ್ಲ. ಕೆಂಪು ನೆಲದ ಮೇಲೆ ಕೂತವರ ಗದ್ದಕ್ಕೆ ಕೆಂಪು ಬಂದೇ ಬರುತ್ತದೆ. ಕೂದಲಂಚಿನ ಹಸಿರನ್ನು ಮುಟ್ಟಲೇ ಇಲ್ಲ. ಅದು ತೋಟದ್ದು, ಅಲ್ಲಿ ಇರಬೇಕಾದದ್ದು.

ಕೆಲಸ ಸರಿಯಾಗಿದೆಯೇ ಅಂತ ನೋಡಲು ನನಗೆ ಈ ಶಾಟ್‌ನಲ್ಲಿ ಎರಡು ಸಾಕ್ಷಿಗಳಿದ್ದವು. ಒಂದು ಕುಂಕುಮ. ಅದು ಕಿತ್ತಳೆಗೆ ತಿರುಗಿದರೆ ಬಣ್ಣ ಹಳದಿಗೆ ಹೋಗಿದೆ, ಗುಲಾಬಿಗೆ ತಿರುಗಿದರೆ ನೀಲಿ ಬೆರೆತಿದೆ. ಇನ್ನೊಂದು ಬಿಳಿ ಕೂದಲು. ಚರ್ಮದ ಆಯ್ಕೆ ಕೂದಲಿಗೆ ಹರಿದರೆ ಅದು ಗೋಧಿ ಹುಲ್ಲಿನ ಬಣ್ಣಕ್ಕೆ ಬರುತ್ತದೆ. ನಿಮ್ಮ ಶಾಟ್‌ನಲ್ಲೂ ಇಂಥ ಏನಾದರೂ ಇರುತ್ತದೆ. ಮಲ್ಲಿಗೆ ಮಾಲೆ, ಬಿಳಿ ಪಂಚೆ, ಸ್ಟೀಲ್ ಲೋಟ. ಬಣ್ಣ ನಿಮಗೆ ಮೊದಲೇ ಗೊತ್ತಿರುವ ವಸ್ತು ಆಗಿರಬೇಕು, ಅಷ್ಟೇ.

ಎಲ್ಲಿ ನಿಲ್ಲಿಸಬೇಕು

ಗುಣಿಸುವಾಗ ನಾಯ್ಸ್ ಕೂಡ ಗುಣಿಸುತ್ತದೆ. ನೆರಳಿನಲ್ಲಿ ಇರುವ ಕೆಂಪು ನೀಲಿ ಚುಕ್ಕಿಗಳು ಎತ್ತಿದ ಮೇಲೆ ಕೆನ್ನೆಯ ಮೇಲೆ ಹುಳುಗಳ ಹಾಗೆ ಹರಿದಾಡುತ್ತವೆ. ನಾಯ್ಸ್ ರಿಡಕ್ಷನ್ ಎಲ್ಲಕ್ಕಿಂತ ಮೊದಲ ನೋಡ್‌ನಲ್ಲಿರಲಿ. ಬಣ್ಣದ ಚುಕ್ಕಿಗಳನ್ನು ಧಾರಾಳವಾಗಿ ತೆಗೆಯಿರಿ. ಬೆಳಕಿನ ಕಾಳುಗಳನ್ನು ಮಾತ್ರ ಜಾಸ್ತಿ ಒರೆಸಬೇಡಿ. ಒರೆಸಿದರೆ ಹಣೆಯ ಸುಕ್ಕು, ಕೆನ್ನೆಯ ಮಚ್ಚೆ ಎಲ್ಲ ಹೋಗಿ ಮುಖಕ್ಕೆ ಮೇಣ ಹಚ್ಚಿದ ಹಾಗಾಗುತ್ತದೆ. ಎಂಬತ್ತು ದಾಟಿದವರ ಮುಖದಲ್ಲಿ ಸುಕ್ಕೇ ಇಲ್ಲದಿದ್ದರೆ ಅದಕ್ಕಿಂತ ಅಸಹಜ ಇನ್ನೇನಿದೆ?

ನನ್ನ ಅನುಭವದಲ್ಲಿ 10 ಬಿಟ್ ಲಾಗ್‌ನಲ್ಲಿ ರೆಕಾರ್ಡ್ ಮಾಡಿದ ವೀಡಿಯೊ ಆದರೆ ಒಂದೂವರೆಯಿಂದ ಎರಡು ಸ್ಟಾಪ್‌ವರೆಗೆ ಮುಖವನ್ನು ಎತ್ತಬಹುದು. 8 ಬಿಟ್ ಆದರೆ ಒಂದು ಸ್ಟಾಪ್ ಆದಮೇಲೆ ಕೆನ್ನೆಯ ಮೇಲೆ ನಕ್ಷೆಯ ಗೆರೆಗಳ ಹಾಗೆ ಪಟ್ಟಿಗಳು ಏಳಲು ಶುರುವಾಗುತ್ತವೆ. ವೇವ್‌ಫಾರ್ಮ್‌ನಲ್ಲಿ ಮುಖದ ಭಾಗ ತಳಕ್ಕೆ ಅಂಟಿಕೊಂಡು ಒಂದು ತೆಳು ಗೆರೆಯಾಗಿ ಮಾತ್ರ ಕಂಡರೆ ಅಲ್ಲಿ ಎತ್ತಲು ಏನೂ ಉಳಿದಿಲ್ಲ. ಅದನ್ನು ನೆರಳು ಚಿತ್ರವಾಗಿಯೇ ಬಿಡುವುದು ಒಳ್ಳೆಯದು. ಕಣ್ಣಿನ ಒಳಗಿನ ಹೊಳಪಿನ ಚುಕ್ಕೆಯೂ ಹೀಗೇ. ಶೂಟಿಂಗ್‌ನಲ್ಲಿ ಅದು ಬಿದ್ದಿಲ್ಲದಿದ್ದರೆ ಗ್ರೇಡಿಂಗ್‌ನಲ್ಲಿ ಹುಟ್ಟಿಸಲಾಗುವುದಿಲ್ಲ. ಕಣ್ಣಿನ ಬಿಳಿ ಭಾಗವನ್ನು ಬೆಳ್ಳಗೆ ಮಾಡಲು ಹೋದರೆ ನೋಟವೇ ದಿಗಿಲು ಬಿದ್ದ ಹಾಗಾಗುತ್ತದೆ. ಅಂದು ಅಜ್ಜಿಯ ಎದುರಿಗೆ, ಫ್ರೇಮ್‌ನ ಹೊರಗೆ, ಒಂದು ಬಿಳಿ ಪಂಚೆಯನ್ನು ಹಗ್ಗಕ್ಕೆ ಹರವಿದ್ದರೆ ಮುಖಕ್ಕೂ ಕಣ್ಣಿಗೂ ಎಷ್ಟೋ ಬೆಳಕು ಬರುತ್ತಿತ್ತು. ಈಗ ಜಗಲಿ ಶೂಟಿಂಗ್‌ಗೆ ಹೋದಾಗಲೆಲ್ಲ ಚೀಲದಲ್ಲಿ ಒಂದು ಪಂಚೆ ಇಟ್ಟುಕೊಂಡಿರುತ್ತೇನೆ.

ಎಲ್ಲ ಮುಗಿದ ಮೇಲೆ Ctrl+D ಒತ್ತಿ ಬೆಳಕಿನ ನೋಡ್‌ಗಳನ್ನು ಆಫ್, ಆನ್ ಮಾಡಿ ನೋಡುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಅದರಿಂದ ಮೋಸ ಹೋಗುವುದೇ ಜಾಸ್ತಿ. ಕತ್ತಲೆಯ ಪಕ್ಕದಲ್ಲಿ ಯಾವ ಬೆಳಕೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕಿಂತ ಈ ಶಾಟ್‌ನ ಹಿಂದಿನದು ಮತ್ತು ಮುಂದಿನದು ಸೇರಿಸಿ, ನಿಲ್ಲಿಸದೆ ಪ್ಲೇ ಮಾಡಿ ನೋಡುವುದು ಮೇಲು. ನಾನು ಮಾರನೇ ದಿನ ಬೆಳಿಗ್ಗೆ ಹಾಗೆ ನೋಡಿದೆ. ಹಿಂದಿನ ಶಾಟ್‌ನಲ್ಲಿ ಅಜ್ಜಿ ಅಡುಗೆಮನೆಯ ಕಿಟಕಿ ಪಕ್ಕ ಇದ್ದರು. ಅಲ್ಲಿಂದ ಜಗಲಿಗೆ ಕಟ್ ಆದಾಗ ಮುಖ ಇನ್ನೂ ಒಂದು ಎಳೆ ಜಾಸ್ತಿ ಬೆಳಗಿದೆ ಅನ್ನಿಸಿತು. ಮಾಸ್ಕ್ ಮುಟ್ಟಲಿಲ್ಲ, ಬಣ್ಣ ಮುಟ್ಟಲಿಲ್ಲ. ನೋಡ್‌ನ ಪರಿಣಾಮ ಎಷ್ಟಿರಬೇಕು ಅಂತ ಹೇಳುವ Key Output Gain ಅನ್ನು ಎರಡೂ ಬೆಳಕಿನ ನೋಡ್‌ಗಳಲ್ಲಿ 1.00ರಿಂದ 0.85ಕ್ಕೆ ಇಳಿಸಿದೆ. ಕೆನ್ನೆ 380ರ ಹತ್ತಿರ ಬಂದು ನಿಂತಿತು. ಅಜ್ಜಿ ಮತ್ತೆ ಜಗಲಿಯ ನೆರಳಿನಲ್ಲಿ ಕೂತ ಹಾಗಾಯಿತು, ಈ ಸಲ ಕಣ್ಣು ಕಾಣುವ ಹಾಗೆ.